ದೀಪ ದೊಡ್ಡದು ಮಾಡು

ನಮ್ಮ ಮೈಸೂರಿನ ಮನೆಯ ಅಡುಗೆಮನೆಯಲ್ಲಿ, ಮಿಕ್ಸಿಗೂ ಉಪ್ಪಿನ ಜಾಡಿಗೂ ನಡುವೆ, ಕಳೆದ ದೀಪಾವಳಿಯಿಂದ ಒಂದು ಮಾತಾಡುವ ಸ್ಪೀಕರ್ ಕೂತಿದೆ. ಜೊತೆಗೆ ಅದು ಹೇಳಿದಂತೆ ಕೇಳುವ ಒಂದು ಬಲ್ಬು. ಎರಡನ್ನೂ ಕಳಿಸಿದವನು ಅಮೆರಿಕದಲ್ಲಿರುವ ನನ್ನ ತಮ್ಮ. "ಅಮ್ಮ ಹೇಳಿದ್ದೆಲ್ಲ ಅದಕ್ಕೆ ಅರ್ಥ ಆಗುತ್ತೆ ಕಣಕ್ಕ, ಇನ್ನು ಅವಳೊಬ್ಬಳೇ ಇದ್ದರೂ ಚಿಂತೆಯಿಲ್ಲ" ಎಂದು ಫೋನಿನಲ್ಲಿ ಹೇಳಿದ. ಅಮ್ಮನಿಗೆ 78 ವರ್ಷ. ನನ್ನ ಮಗಳು ಈಗ ಹತ್ತನೇ ತರಗತಿ. ಜೂನ್‌ನಲ್ಲಿ ಪಿಯುಸಿಗೆಂದು ಹಾಸ್ಟೆಲ್ ಸೇರುತ್ತಾಳೆ. ನಾನು ಬೆಳಿಗ್ಗೆ ಒಂಬತ್ತಕ್ಕೆ ಮನೆ ಬಿಟ್ಟರೆ ಮರಳುವುದು ಸಂಜೆ ಆರಕ್ಕೆ. ಹಾಗಾಗಿ ಆ ಡಬ್ಬಿಗೆ ನಿಜಕ್ಕೂ ಅರ್ಥವಾಗುತ್ತದೆಯೇ ಎಂಬುದು ನಮ್ಮ ಮನೆಯಲ್ಲಿ ತತ್ತ್ವಶಾಸ್ತ್ರದ ಪ್ರಶ್ನೆಯಾಗಿ ಉಳಿದಿಲ್ಲ. ಅಜ್ಜಿ ಮೊಮ್ಮಗಳು ಇದರ ಮೇಲೆ ನಾಲ್ಕು ತಿಂಗಳಿಂದ ಜಗಳವಾಡುತ್ತಿದ್ದಾರೆ. ನಾನು ಯಾರ ಪಕ್ಷ ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಮಗಳ ವಾದವನ್ನು ದುರ್ಬಲ ಮಾಡಿ ಹೇಳಿ ಗೆಲ್ಲುವ ಆಸೆಯೂ ನನಗಿಲ್ಲ. ಅವಳ ವಾದ ಗಟ್ಟಿಯಾಗಿದೆ.

ಜಗಳ ಶುರುವಾದದ್ದು ಒಂದು ರಾತ್ರಿ ಊಟವಾದ ಮೇಲೆ. ಪಾತ್ರೆ ತೊಳೆದಾಗಿತ್ತು, ಒಲೆ ಒರೆಸಿಯಾಗಿತ್ತು. ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲ ಹತ್ತಿರ ನಿಂತು, "ಪುಟ್ಟಿ, ದೀಪ ದೊಡ್ಡದು ಮಾಡು ಅಂತ ಹೇಳೇ ಅದಕ್ಕೆ" ಎಂದಳು. ನಮ್ಮ ಮನೆಯ ಡಬ್ಬಿಯ ಭಾಷೆಗಳ ಪಟ್ಟಿಯಲ್ಲಿ ಇಂಗ್ಲಿಷೂ ಹಿಂದಿಯೂ ಇವೆ, ಕನ್ನಡ ಇಲ್ಲ. ಆದ್ದರಿಂದ ಮಗಳೇ ದುಭಾಷಿ. ಪುಸ್ತಕದಿಂದ ತಲೆಯೆತ್ತದೆ ಅವಳು ಇಂಗ್ಲಿಷಿನಲ್ಲಿ ಬೆಳಕು ಜಾಸ್ತಿ ಮಾಡಲು ಹೇಳಿದಳು. ಅಡುಗೆಮನೆ ಮದುವೆಮನೆಯ ಹಾಗೆ ಝಗ್ಗೆಂದಿತು.

ಮಗಳು ತಲೆಯೆತ್ತಿ ಅಜ್ಜಿಯ ಮುಖ ನೋಡಿದಳು. ಒಂದು ಕ್ಷಣ ಅಷ್ಟೆ. "ಅಯ್ಯೋ, ಸಾರಿ ಅಜ್ಜಿ" ಎಂದು ನಕ್ಕು ಬೆಳಕು ಆಫ್ ಮಾಡಿಸಿದಳು.

ನಮ್ಮ ಕಡೆ ದೀಪವನ್ನು ಯಾರೂ ಆರಿಸುವುದಿಲ್ಲ, ನಂದಿಸುವುದೂ ಇಲ್ಲ. ದೊಡ್ಡದು ಮಾಡುತ್ತಾರೆ. ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ಮನೆ ಬಿಡುವವರು ಹೋಗುತ್ತೇನೆ ಅನ್ನುವುದಿಲ್ಲ, ಹೋಗಿ ಬರುತ್ತೇನೆ ಅನ್ನುತ್ತಾರೆ. ಮಗಳಿಗೆ ಇದೆಲ್ಲ ಗೊತ್ತು. ಆ ಹೊತ್ತಿಗೆ ಗಮನ ಬೇರೆ ಕಡೆ ಇತ್ತು.

"ನೋಡಿದ್ಯಾ, ನಿನ್ನ ಡಬ್ಬಿಗೆ ಏನೂ ಅರ್ಥ ಆಗಲ್ಲ" ಎಂದಳು ಅಮ್ಮ.

"ಅದಕ್ಕೆ ಸರಿಯಾಗೇ ಅರ್ಥ ಆಯ್ತು ಅಜ್ಜಿ. ನಾನು ಏನು ಹೇಳಿದೆನೋ ಅದನ್ನೇ ಮಾಡ್ತು. ಅರ್ಥ ಆಗದೇ ಇದ್ದಿದ್ದು ನನಗೆ."

ಇದು ಪ್ರಾಮಾಣಿಕ ಉತ್ತರ, ಮತ್ತು ಮೇಲ್ನೋಟಕ್ಕೆ ಸರಿಯಾದ ಉತ್ತರ. ಆದರೆ ಆ ಒಂದು ಕ್ಷಣದಲ್ಲಿ ನಡೆದದ್ದೇನು? ಮಗಳು ತಪ್ಪು ಮಾಡಿದಳು, ತಪ್ಪೆಂದು ಯಾರೂ ಹೇಳದೆಯೇ ಅವಳಿಗೆ ತಿಳಿಯಿತು. ತೊಳೆದ ಪಾತ್ರೆ, ಒರೆಸಿದ ಒಲೆ, ಬಾಗಿಲಲ್ಲಿ ನಿಂತ ಅಜ್ಜಿ, ಬೆಳಕಿಗೆ ಕಿರಿದಾದ ಅವಳ ಕಣ್ಣು, ಇವೆಲ್ಲ ಸೇರಿ ಹೇಳಿದವು. ಡಬ್ಬಿ ತಾನು ಸರಿ ಮಾಡಿದೆನೆಂಬಂತೆ ಸುಮ್ಮನೆ ಕೂತಿತ್ತು. ಅರ್ಥವಾಗಿದೆಯೇ ಎಂದು ಪರೀಕ್ಷಿಸಲು ಸರಿಯುತ್ತರಗಳನ್ನು ಎಣಿಸುವುದಕ್ಕಿಂತ, ತಪ್ಪಾದ ಮರುಗಳಿಗೆಯಲ್ಲಿ ಏನಾಗುತ್ತದೆ ಎಂದು ನೋಡುವುದು ಮೇಲು ಎಂದು ನನಗೆ ಅವತ್ತೇ ಅನ್ನಿಸಿತು.

ಮಗಳು ಸೋಲುವವಳಲ್ಲ. ಆ ಯಂತ್ರಗಳಲ್ಲಿ ನಾವೇ ಒಂದು ವಾಕ್ಯವನ್ನು ಬರೆದಿಟ್ಟು, ಅದನ್ನು ಕೇಳಿದಾಗ ಇಂಥ ಕೆಲಸ ಮಾಡು ಎಂದು ಗೊತ್ತುಮಾಡಬಹುದು. ಮಾರನೆಯ ದಿನ ಅವಳು ಫೋನಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ `deepa doddadu maadu` ಎಂದು ಟೈಪಿಸಿ, ಅದರ ಮುಂದೆ ಅಡುಗೆಮನೆಯ ಬಲ್ಬು ಆಫ್ ಎಂದು ಹಾಕಿದಳು. ನಾಲ್ಕೈದು ಸಲ ಕೇಳಿಸಿಕೊಳ್ಳದೆ ಮೊಂಡುಬಿದ್ದ ಮೇಲೆ ಡಬ್ಬಿ ಒಪ್ಪಿತು. ಅಮ್ಮ ಮೊದಲು ಅದರ ಹೆಸರು ಕರೆದು, ಆಮೇಲೆ ದೀಪ ದೊಡ್ಡದು ಮಾಡು ಎಂದರೆ ಕತ್ತಲು.

"ಈಗ ಅರ್ಥ ಆಯ್ತಲ್ಲ? ನನಗೂ ಚಿಕ್ಕವಳಿದ್ದಾಗ ನೀನೇ ಹೇಳಿಕೊಟ್ಟಿದ್ದು. ಅದಕ್ಕೆ ನಾನು ಹೇಳಿಕೊಟ್ಟೆ. ಏನು ವ್ಯತ್ಯಾಸ?"

ಅಮ್ಮ ಉತ್ತರ ಕೊಡಲಿಲ್ಲ. ಉತ್ತರ ಬಂದದ್ದು ಮೂರು ವಾರ ಬಿಟ್ಟು, ಒಂದು ಸಂಜೆ. ಬಲ್ಬಿನ ಬೆಳಕನ್ನು ಮಗಳು ಮಂದ ಮಾಡಿಟ್ಟಿದ್ದಳು. ಅಮ್ಮ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಹುಡುಕಲು ಕೂತಳು. ಕಾಣಿಸಲಿಲ್ಲ. ಹಿಂದೆ ಲಾಟೀನಿನ ಬತ್ತಿ ಏರಿಸಲು ಹೇಳುತ್ತಿದ್ದಂತೆಯೇ, ಡಬ್ಬಿಯ ಹೆಸರು ಕರೆದು ದೀಪ ದೊಡ್ಡದು ಮಾಡು ಎಂದಳು. ಕತ್ತಲಾಯಿತು. ಕತ್ತಲಲ್ಲಿ ಅಮ್ಮನ ದನಿ: "ಪುಟ್ಟಿ, ಅಕ್ಕಿ ಆರಿಸೋಳು ಕತ್ತಲು ಮಾಡು ಅಂತಾಳೇನೇ?"

(ಅಕ್ಕಿಯನ್ನು ಅಮ್ಮ ಧಾರಾಳವಾಗಿ ಆರಿಸುತ್ತಾಳೆ. ಅದೇ ಕ್ರಿಯಾಪದ ದೀಪದ ಹತ್ತಿರ ಬಂದರೆ ಮಾತ್ರ ಬಾಯಿ ಕಟ್ಟುತ್ತದೆ.)

ನಮ್ಮ ಶಾಸ್ತ್ರಕಾರರಿಗೆ ಈ ತೊಡಕು ಹೊಸದಲ್ಲ. ಶಬ್ದದಿಂದ ಅರ್ಥ ಹೇಗೆ ಹುಟ್ಟುತ್ತದೆ ಎಂದು ಚರ್ಚಿಸುವಾಗ ಅವರು ಕೊಡುವ ಒಂದು ಹಳೆಯ ಉದಾಹರಣೆಯೂ ಅಡುಗೆಮನೆಗೆ ಹತ್ತಿರದ್ದೇ. ಸೈಂಧವ ತಾ ಎಂದು ಒಬ್ಬ ಹೇಳುತ್ತಾನೆ. ಸಿಂಧೂ ದೇಶದ ಉಪ್ಪೂ ಸೈಂಧವ, ಅಲ್ಲಿಯ ಕುದುರೆಯೂ ಸೈಂಧವ. ಊಟಕ್ಕೆ ಕೂತವನು ಹೇಳಿದರೆ ಉಪ್ಪು ತರಬೇಕು, ಪ್ರಯಾಣಕ್ಕೆ ಹೊರಟವನು ಹೇಳಿದರೆ ಕುದುರೆ ತರಬೇಕು. ವಾಕ್ಯ ಒಂದೇ, ವ್ಯಾಕರಣ ಒಂದೇ, ನಿಘಂಟು ಎರಡೂ ಅರ್ಥಗಳನ್ನು ಕೊಟ್ಟು ಕೈಚೆಲ್ಲುತ್ತದೆ. ವಾಕ್ಯಾರ್ಥಕ್ಕೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಬೇಕು ಎಂದ ನೈಯಾಯಿಕರಲ್ಲಿ ಹಲವರು ನಾಲ್ಕನೆಯದಾಗಿ ತಾತ್ಪರ್ಯವನ್ನು ಸೇರಿಸಿದ್ದು ಇಂಥ ಮಾತುಗಳಿಗಾಗಿ. ತಾತ್ಪರ್ಯ ಎಂದರೆ ಹೇಳಿದವನ ಉದ್ದೇಶ. ಅದು ವಾಕ್ಯದೊಳಗೆ ಇರುವುದಿಲ್ಲ. ಹೇಳಿದವನ ಮುಂದಿರುವ ಎಲೆಯಲ್ಲಿ, ಅಥವಾ ಅವನ ಕಾಲಿನ ಜೋಡಿನಲ್ಲಿ ಇರುತ್ತದೆ. ನಮ್ಮ ಮನೆಯಲ್ಲಿ ಅದು ಅಮ್ಮನ ತೊಡೆಯ ಮೇಲಿನ ಮೊರದಲ್ಲಿತ್ತು.

ಡಬ್ಬಿಯ ಒಳಗೆ ನಡೆಯುವುದನ್ನು ಸರಳವಾಗಿ ಹೇಳಬಹುದು. ತನ್ನ ಹೆಸರು ಕೇಳುವವರೆಗೆ ಅದು ಆ ಒಂದು ಸದ್ದಿಗಾಗಿ ಮಾತ್ರ ಕಿವಿಯಿಟ್ಟಿರುತ್ತದೆ. ಹೆಸರು ಕೇಳಿದೊಡನೆ, ಅದರ ಹಿಂದೆ ಬರುವ ಮಾತನ್ನು ಇಂಟರ್ನೆಟ್ ಮೂಲಕ ದೂರದ ಕಂಪ್ಯೂಟರಿಗೆ ಕಳಿಸುತ್ತದೆ. ಅಲ್ಲಿ ಮೊದಲು ಸದ್ದು ಅಕ್ಷರವಾಗುತ್ತದೆ. ಆಮೇಲೆ ಆ ಅಕ್ಷರಗಳನ್ನು, ಮಾಡಲು ಬರುವ ಕೆಲಸಗಳ ಒಂದು ಪಟ್ಟಿಯ ಜೊತೆ ಹೋಲಿಸಿ ನೋಡುತ್ತಾರೆ. ಒಂದೊಂದು ಕೆಲಸಕ್ಕೂ ತುಂಬಬೇಕಾದ ಖಾಲಿ ಜಾಗಗಳಿರುತ್ತವೆ, ಬ್ಯಾಂಕಿನ ಚಲನ್ನಿನ ಹಾಗೆ. ಹತ್ತು ನಿಮಿಷಕ್ಕೆ ಟೈಮರ್ ಎಂದರೆ ಕೆಲಸ ಟೈಮರ್, ಖಾಲಿ ಜಾಗದಲ್ಲಿ ಹತ್ತು ನಿಮಿಷ. ಯಾವ ಕೆಲಸಕ್ಕೆ ಎಷ್ಟು ಹೋಲುತ್ತದೆ ಎಂದು ಅಂಕ ಬೀಳುತ್ತದೆ. ಅಂಕ ಸಾಕಷ್ಟು ಬಂದರೆ ಕೆಲಸ ನಡೆಯುತ್ತದೆ, ಕಡಿಮೆಯಾದರೆ ಗೊತ್ತಾಗಲಿಲ್ಲ ಎಂಬ ಉತ್ತರ ಬರುತ್ತದೆ.

ಮಗಳು ಇದನ್ನೇ ಹಿಡಿದಳು. "ನೋಡಜ್ಜಿ, ಗೊತ್ತಾಗದಿದ್ರೆ ಗೊತ್ತಾಗಲಿಲ್ಲ ಅಂತ ಅದೇ ಒಪ್ಕೊಳ್ಳುತ್ತೆ. ಅದೆಷ್ಟು ಜನ ಒಪ್ಕೋತಾರೆ?" ಮಾತು ಚೆನ್ನಾಗಿದೆ. ಆದರೆ ಆ ಅಂಕ ಅಳೆಯುವುದು, ಕೇಳಿದ ಮಾತು ತನಗೆ ಗೊತ್ತಿರುವ ಮಾತುಗಳನ್ನು ಎಷ್ಟು ಹೋಲುತ್ತದೆ ಎಂಬುದನ್ನು. ಆ ಮಾತು ಆ ಹೊತ್ತಿನ ಅಡುಗೆಮನೆಗೆ ಹೊಂದುತ್ತದೆಯೇ ಎಂಬುದನ್ನಲ್ಲ. ಅಕ್ಕಿ ಆರಿಸಿದ ಸಂಜೆ ಹೋಲಿಕೆ ಅಕ್ಷರಕ್ಕೆ ಅಕ್ಷರ ಸರಿಯಿತ್ತು. ಅದಕ್ಕೆ ಅನುಮಾನ ಬರಲು ಕಾರಣವೇ ಇರಲಿಲ್ಲ. ಎಲ್ಲಕ್ಕಿಂತ ಹೆಚ್ಚು ವಿಶ್ವಾಸವಿದ್ದ ಗಳಿಗೆಯಲ್ಲೇ ಅದು ಪೂರ್ತಿ ತಪ್ಪಿತು.

ಈ ಹೊಂದಾಣಿಕೆಯಲ್ಲಿ ಬದಲಾದವರು ಯಾರು ಎಂದು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಅಮ್ಮ ತೊಗರಿಬೇಳೆಯನ್ನು ಜೀವಮಾನವಿಡೀ ವಿಷಲ್ ಲೆಕ್ಕದಲ್ಲಿ ಬೇಯಿಸಿದವಳು. ಹೊಸ ಬೇಳೆಯಾದರೆ ಮೂರು, ಹಳೆಯದಾದರೆ ಐದು. ಡಬ್ಬಿಯ ಚಲನ್ನಿನಲ್ಲಿ ನಿಮಿಷಕ್ಕೆ ಜಾಗವಿದೆ, ಗಂಟೆಗಿದೆ, ವಿಷಲ್ಲಿಗಿಲ್ಲ. ಈಗ ಅಮ್ಮ ನಿಮಿಷದಲ್ಲಿ ಹೇಳುತ್ತಾಳೆ, ಬೇಳೆ ಒಮ್ಮೊಮ್ಮೆ ಕಾಳುಕಾಳಾಗಿ ಉಳಿಯುತ್ತದೆ. ಅಕ್ಕಿಯ ಪ್ರಸಂಗವಾದ ಮೇಲೆ ಅವಳು ದೀಪದ ಮಾತನ್ನೂ ಬಿಟ್ಟಳು. "ಲೈಟ್ ಆಫ್" ಎನ್ನುತ್ತಾಳೆ, ಪೊಲೀಸರ ಮುಂದೆ ಹೆಸರು ಹೇಳುವವರ ಹಾಗೆ ನೆಟ್ಟಗೆ ನಿಂತು. ಯಂತ್ರಕ್ಕೆ ಮನುಷ್ಯರ ಮಾತು ಅರ್ಥವಾಗತೊಡಗಿದೆ ಎಂದು ಉಬ್ಬುವ ನನ್ನ ತಮ್ಮನಂಥವರು ಈ ದೃಶ್ಯವನ್ನು ಒಮ್ಮೆ ನೋಡಬೇಕು. ಅರ್ಥ ಮಾಡಿಕೊಂಡಿದ್ದು 78ರ ಮುದುಕಿ. ಡಬ್ಬಿಗೆ ಏನು ಸಾಧ್ಯ, ಏನು ಅಸಾಧ್ಯ ಎಂದು ಗಮನಿಸಿ, ತನ್ನ ನಾಲಿಗೆಯನ್ನು ಕತ್ತರಿಸಿ ಅದರ ಅಳತೆಗೆ ತಂದಳು. ಹೊಗಳಿಕೆ ಮಾತ್ರ ಡಬ್ಬಿಗೆ.

ಇಲ್ಲಿ ಓದುಗರಲ್ಲಿ ಕೆಲವರು ತಡೆಯುತ್ತಾರೆ ಎಂದು ಗೊತ್ತು. ಇದು ಹಳೆಯ ಯಂತ್ರದ ಕತೆ, ಹೊಸ ಭಾಷಾ ಮಾದರಿಗಳು ಹೀಗಲ್ಲ, ಅವಕ್ಕೆ ಕನ್ನಡವೂ ಬರುತ್ತದೆ, ನುಡಿಗಟ್ಟೂ ಬರುತ್ತದೆ ಎನ್ನುತ್ತಾರೆ. ಒಪ್ಪಿದೆ. ಅಪಾರ ಬರಹವನ್ನು ಓದಿಸಿ ತಯಾರಿಸಿದ ಆ ಯಂತ್ರಗಳು ದೀಪ ದೊಡ್ಡದು ಮಾಡುವುದೆಂದರೆ ಆರಿಸುವುದು ಎಂದು ಹೇಳಬಲ್ಲವು; ಪಕ್ಕದಲ್ಲಿ ಮೊರ, ಅಕ್ಕಿ ಎಂದು ಬರೆದುಕೊಟ್ಟರೆ ಬೆಳಕು ಹೆಚ್ಚಿಸುವುದು ಎಂದೂ ಹೇಳಿಯಾವು. ಆದರೆ ಬರೆದುಕೊಡುವವರು ಯಾರು? ಮೊರ ಇದೆ ಎಂದು ಅಮ್ಮ ಹೇಳಲಿಲ್ಲ. ಹೇಳಬೇಕಾದ್ದು ಎಂದು ಅವಳಿಗೆ ಹೊಳೆಯುವುದೂ ಇಲ್ಲ. ಕಣ್ಣೆದುರು ಇರುವುದನ್ನು ಯಾರಾದರೂ ಹೇಳುತ್ತಾರೆಯೇ?

ಮಗಳ ಪಠ್ಯದಲ್ಲೋ ಎಲ್ಲೋ ಅಲನ್ ಟ್ಯೂರಿಂಗ್ ಬಂದಿದ್ದ. ನಡವಳಿಕೆ ಮನುಷ್ಯನದರಂತೆ ಇದ್ದರೆ ಒಳಗೆ ಏನಿದೆ ಎಂದು ಕೆದಕಬೇಡಿ ಎಂಬುದು ಅವಳು ಅಲ್ಲಿಂದ ತಂದ ಬಾಣ. 1950ರ ಆ ಲೇಖನವನ್ನು ನಾನೂ ಓದಿದ್ದೇನೆ. ಯಂತ್ರ ಯೋಚಿಸಬಲ್ಲುದೇ ಎಂಬ ಪ್ರಶ್ನೆಯನ್ನು ಬದಿಗಿಟ್ಟು ಟ್ಯೂರಿಂಗ್ ಒಂದು ಆಟವನ್ನು ಮುಂದಿಡುತ್ತಾನೆ. ಕೇಳುವವನು ಒಂದು ಕೋಣೆಯಲ್ಲಿ, ಉತ್ತರಿಸುವವರು ಇನ್ನೊಂದರಲ್ಲಿ. ದನಿಯ ಸುಳಿವೂ ಸಿಗದಂತೆ ಮಾತೆಲ್ಲ ಟೈಪಾಗಿ ಬರಬೇಕು. ಅವನ ಉದ್ದೇಶಕ್ಕೆ ಅದು ನ್ಯಾಯವೇ. ಆದರೆ ಗಮನಿಸಿ, ಆ ಪರೀಕ್ಷೆ ಶುರುವಾಗುವ ಮೊದಲೇ ಮುಖವನ್ನೂ ದನಿಯನ್ನೂ ಮೊರವನ್ನೂ ಹೊರಗೆ ಹಾಕಿ ಬಾಗಿಲು ಮುಚ್ಚಿರುತ್ತದೆ. ಅಡುಗೆಮನೆಯಲ್ಲಿ ಅರ್ಥ ನಡೆಯುವುದು ಹೊರಗೆ ಹಾಕಿದ ಅವುಗಳಿಂದಲೇ.

ಅರ್ಥವಾಗಿದೆ ಎಂಬ ಅನಿಸಿಕೆಯನ್ನು ನಂಬುವಂತೆಯೂ ಇಲ್ಲ. 1966ರಲ್ಲಿ ಎಂ.ಐ.ಟಿ.ಯ ಜೋಸೆಫ್ ವೈಜೆನ್‌ಬಾಮ್ ಎಲೈಜಾ ಎಂಬ ಪುಟ್ಟ ಪ್ರೋಗ್ರಾಂ ಪ್ರಕಟಿಸಿದ. ನಾವು ಟೈಪಿಸಿದ ವಾಕ್ಯವನ್ನೇ ಸ್ವಲ್ಪ ತಿರುಚಿ, ಮನೋವೈದ್ಯರ ಧಾಟಿಯಲ್ಲಿ ಪ್ರಶ್ನೆಯಾಗಿ ಹಿಂದಿರುಗಿಸುವುದು ಅದರ ಕೆಲಸ. ಅವನು ಅದನ್ನು ಕಟ್ಟುವುದನ್ನು ತಿಂಗಳುಗಟ್ಟಲೆ ಕಂಡಿದ್ದ ಅವನ ಕಾರ್ಯದರ್ಶಿಯೇ, ಅದರ ಜೊತೆ ಕೆಲವು ಮಾತು ಆಡಿದ ಮೇಲೆ, ನೀವು ಸ್ವಲ್ಪ ಹೊರಗೆ ಹೋಗಿ ಎಂದು ಅವನನ್ನೇ ಕೇಳಿಕೊಂಡಳಂತೆ. ಅದನ್ನು ಕಂಡು ಗಾಬರಿಯಾದ ಅವನು 1976ರಲ್ಲಿ ಒಂದು ಪುಸ್ತಕವನ್ನೇ ಬರೆದ. ಎದುರಿಗಿರುವುದು ಉತ್ತರ ಕೊಟ್ಟರೆ ಸಾಕು, ಅರ್ಥವನ್ನು ನಾವೇ ಎರವಲು ಕೊಟ್ಟುಬಿಡುತ್ತೇವೆ. ಅಮ್ಮನೂ ಕರೆಂಟು ಹೋದಾಗ ಡಬ್ಬಿಯ ನೆತ್ತಿ ಸವರಿ "ಪಾಪ" ಎಂದದ್ದನ್ನು ನಾನು ಕಂಡಿದ್ದೇನೆ.

ಮಗಳೂ ಕಂಡಿದ್ದಳು. "ನೀನು ತುಳಸಿ ಹತ್ತಿರಾನೂ ಮಾತಾಡ್ತೀಯ. ಅದಕ್ಕೆ ಅರ್ಥ ಆಗುತ್ತಾ?"

"ತುಳಸಿಗೆ ಅರ್ಥ ಆಗುತ್ತೆ ಅಂತ ಹೇಳಿ ಯಾರೂ ನನಗೆ ಮಾರಿಲ್ಲ ಕಣೇ" ಎಂದಳು ಅಮ್ಮ.

ನಾನು ಅಲ್ಲಿಗೇ ಚಪ್ಪಾಳೆ ಹೊಡೆಯುವವಳು. ಮಗಳು ಮಾತ್ರ ಬಿಡಲಿಲ್ಲ. ದೀಪದ ಮಾತಿಗೇ ವಾಪಸು ಬಂದಳು. ಆ ನುಡಿಗಟ್ಟು ಡಬ್ಬಿಗೆ ಬರೀ ಸದ್ದು, ನಿನಗೆ ಇನ್ನೇನು, ಎಂದು ಕೇಳಿದಳು. ಅಮ್ಮ ಸ್ವಲ್ಪ ಹೊತ್ತು ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದಳು. "ಆ ಇನ್ನೊಂದು ಮಾತು ಆಡೋಕೆ ನನಗೆ ಬಾಯಿ ಬರಲ್ಲ. ನಿಮ್ಮ ತಾತ ಹೋದ ರಾತ್ರಿ ತಲೆ ಹತ್ತಿರ ಇಟ್ಟಿದ್ದ ದೀಪ ಗಾಳಿಗೆ ಹೋಗುತ್ತೆ ಅಂತ ಬೆಳಗಿನವರೆಗೂ ಕೈ ಅಡ್ಡ ಇಟ್ಕೊಂಡು ಕೂತಿದ್ದೆ. ಅದಕ್ಕೆ ಅಂಥ ಭಯ ಇದೆಯಾ?"

"ನನಗೂ ಆ ಭಯ ಇಲ್ಲ ಅಜ್ಜಿ. ಹಾಗಾದ್ರೆ ನನಗೂ ಅರ್ಥ ಆಗಿಲ್ವಾ?"

ಇಡೀ ಜಗಳದಲ್ಲಿ ನನ್ನನ್ನು ನಿಜವಾಗಿ ಅಲ್ಲಾಡಿಸಿದ ಪ್ರಶ್ನೆ ಇದು. ಅನುಭವ ಇದ್ದವರಿಗೆ ಮಾತ್ರ ಅರ್ಥ ಎನ್ನುವುದಾದರೆ ಸಾಹಿತ್ಯ ಓದುವ ನಾವೆಲ್ಲ ಅಂಗಡಿ ಮುಚ್ಚಬೇಕು.

"ನಿನಗೆ ಭಯ ಇಲ್ಲ" ಎಂದಳು ಅಮ್ಮ. "ನನ್ನ ಭಯ ಗೊತ್ತು. ಫ್ರೆಂಡ್ಸ್ ಹತ್ತಿರ ಲೈಟ್ ಆರಿಸು ಅಂತೀಯ, ನಾನು ಕೇಳಿದೀನಿ. ನನ್ನ ಮುಂದೆ ಒಂದು ದಿನ ಅಂದಿಲ್ಲ. ಅನ್ನಬೇಡ ಅಂತ ನಾನು ಹೇಳೂ ಇಲ್ಲ."

ಆ ಪದ ಬಳಸಬೇಡ ಎಂದು ಯಂತ್ರಕ್ಕೂ ಹೇಳಿಕೊಡಬಹುದು ಎಂದು ಮಗಳು ಗೊಣಗಿದಳು. ಕೊಡಬಹುದು. ಆದರೆ ಹೇಳಿಕೊಡಲು ಮೊದಲು ಒಬ್ಬರಿಗೆ ಅದು ಗೊತ್ತಾಗಬೇಕು, ಮತ್ತು ಆ ಒಬ್ಬಳು ಜೂನ್‌ನಲ್ಲಿ ಹಾಸ್ಟೆಲಿಗೆ ಹೋಗುತ್ತಾಳೆ.

ತಮ್ಮನ ಜೊತೆ ನನ್ನ ತಕರಾರು ಇರುವುದು ಇಲ್ಲೇ. ಡಬ್ಬಿ ಬೇಡ ಎಂದು ನಾನು ಹೇಳಿಲ್ಲ. ಬೆಳಿಗ್ಗೆ ಸುಪ್ರಭಾತ ಹಾಕುತ್ತದೆ, ಮಾತ್ರೆಯ ಹೊತ್ತು ನೆನಪಿಸುತ್ತದೆ. ಅಷ್ಟಕ್ಕೆ ಅದು ಒಳ್ಳೆಯ ಸಾಮಾನು. ಅಷ್ಟಕ್ಕೆ ನಿಲ್ಲಿಸಿ, ಅರ್ಥವಾಗುತ್ತೆ ಎಂಬ ಒಂದು ಪದವನ್ನು ಅವನು ಬಳಸದೇ ಇದ್ದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಏಕೆಂದರೆ ಆ ಪದದ ಬಲದ ಮೇಲೆ ಅವನು ಅಮ್ಮನನ್ನು ಹಗಲಿಡೀ ಒಬ್ಬಳೇ ಬಿಡುವ ನಿರ್ಧಾರಕ್ಕೆ ಬಂದಿದ್ದಾನೆ. ಹೋದ ವಾರ ಅವನಿಗೆ ಫೋನಿನಲ್ಲಿ ಒಂದೇ ವಿಷಯ ಕೇಳಿದೆ. ಅಮ್ಮ ಬಚ್ಚಲ ಹತ್ತಿರ ಜಾರಿ ಬಿದ್ದರೆ ಏನು ಕೂಗುತ್ತಾಳೆ?

"ಅದರ ಹೆಸರು ಕರೆದು ನಿನಗೆ ಫೋನ್ ಮಾಡು ಅಂದ್ರೆ ಮಾಡುತ್ತೆ" ಎಂದ.

ಬಿದ್ದವರು ಯಾರೂ ಡಬ್ಬಿಯ ಹೆಸರು ಕರೆಯುವುದಿಲ್ಲ. ಅಯ್ಯೋ ಅಮ್ಮಾ ಎನ್ನುತ್ತಾರೆ. ಅಮ್ಮ ದಿನಕ್ಕೆ ಹತ್ತು ಸಲ ಅಯ್ಯೋ ಅನ್ನುವವಳು. ಒಗ್ಗರಣೆ ಸಿಡಿದರೆ ಒಂದು ಅಯ್ಯೋ, ಹಾಲು ಉಕ್ಕಿದರೆ ಒಂದು, ಮಂಡಿ ಹಿಡಿದು ಏಳುವಾಗ ಒಂದು. ಪಕ್ಕದ ಕೋಣೆಯಲ್ಲಿ ಪಾಠ ಓದುತ್ತಿರುವ ಮಗಳು ಒಂಬತ್ತಕ್ಕೆ ತಲೆಯೆತ್ತುವುದಿಲ್ಲ, ಹತ್ತನೆಯದಕ್ಕೆ ಪುಸ್ತಕ ಎಸೆದು ಓಡುತ್ತಾಳೆ. ಡಬ್ಬಿಗೆ ಹತ್ತೂ ಒಂದೇ. ಅದು ಕಾಯುತ್ತಿರುವ ಹೆಸರು ಆ ಹತ್ತರಲ್ಲಿ ಯಾವುದರಲ್ಲೂ ಇಲ್ಲ, ಆದ್ದರಿಂದ ಅದರ ಮಟ್ಟಿಗೆ ಮನೆಯಲ್ಲಿ ಯಾರೂ ಮಾತೇ ಆಡಿಲ್ಲ. ಅಕ್ಕಪಕ್ಕದವರು ಯಾರಾದರೂ ಮಧ್ಯಾಹ್ನ ಒಮ್ಮೆ ಬಂದು ಕೂತು ಹೋಗುವ ವ್ಯವಸ್ಥೆಗೆ ತಿಂಗಳಿಗೆ ಇಷ್ಟು ಎಂದು ನಾನು ಲೆಕ್ಕ ಹೇಳಿದೆ. ಯೋಚಿಸಿ ಹೇಳುತ್ತೇನೆ ಎಂದಿದ್ದಾನೆ. ಇನ್ನೂ ಯೋಚಿಸುತ್ತಿದ್ದಾನೆ.

ನಿನ್ನೆ ರಾತ್ರಿ ಅಮ್ಮ ಮಾಮೂಲಿನಂತೆ ಒಲೆ ಒರೆಸಿ ಬಾಗಿಲಿಗೆ ಬಂದಳು. ಲೈಟ್ ಆಫ್ ಅನ್ನಲಿಲ್ಲ. ಡಬ್ಬಿಯ ಹೆಸರೂ ಕರೆಯಲಿಲ್ಲ. "ದೀಪ ದೊಡ್ಡದು ಮಾಡೇ" ಎಂದು ಸುಮ್ಮನೆ ಹೇಳಿ ಕೋಣೆಗೆ ಹೋದಳು. ಮಗಳು ಒಂದು ಕ್ಷಣ ಡಬ್ಬಿಯ ಕಡೆ ನೋಡಿ, ಎದ್ದು ಹೋಗಿ ಗೋಡೆಯ ಸ್ವಿಚ್ ಒತ್ತಿದಳು.

ಬೆಳಿಗ್ಗೆ ಡಬ್ಬಿಗೆ ಬಲ್ಬು ಸಿಗಲಿಲ್ಲ. ಗೋಡೆಯಲ್ಲಿ ಆಫ್ ಮಾಡಿದರೆ ಅದಕ್ಕೆ ಬಲ್ಬು ಇರುವುದೇ ತಿಳಿಯುವುದಿಲ್ಲವಂತೆ. ಅಮ್ಮ ಕತ್ತಲಲ್ಲೇ ಕಾಫಿ ಡಿಕಾಕ್ಷನ್ ಇಳಿಸಿದ್ದಳು.